ಹತ್ತು ಕೋರ್‌ನಲ್ಲಿ ವೇಗದವು ಎಷ್ಟು?

ಇಂಟೆಲ್ 2022ರಲ್ಲಿ ತಂದ ಕೋರ್ ಐ5-1235ಯು ಪ್ರೊಸೆಸರ್ ಮಧ್ಯಮ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿದೆ. ಪೆಟ್ಟಿಗೆಯ ಮೇಲೆ ‘ಹತ್ತು ಕೋರ್’ ಎಂದಿರುತ್ತದೆ. ಆ ಹತ್ತರಲ್ಲಿ ಪರ್ಫಾರ್ಮೆನ್ಸ್ ಕೋರ್‌ಗಳು, ಅಂದರೆ ಪಿ-ಕೋರ್‌ಗಳು, ಎರಡೇ. ಉಳಿದ ಎಂಟು ಎಫಿಶಿಯೆನ್ಸಿ ಕೋರ್‌ಗಳು, ಇ-ಕೋರ್‌ಗಳು. ಪಿ-ಕೋರ್ 4.4 ಗಿಗಾಹರ್ಟ್ಸ್‌ವರೆಗೆ ಓಡಿದರೆ ಇ-ಕೋರ್ 3.3ಕ್ಕೆ ನಿಲ್ಲುತ್ತದೆ. ಜೊತೆಗೆ ಪಿ-ಕೋರ್ ಗಾತ್ರದಲ್ಲೂ ದೊಡ್ಡದು, ಒಂದೇ ಬಾರಿಗೆ ಹೆಚ್ಚು ಆದೇಶಗಳನ್ನು ಮುಗಿಸುತ್ತದೆ.

ವೆಬ್ ಪುಟ ತೆರೆಯುವುದು, ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವುದು ಮುಂತಾದ ಕೆಲಸಗಳ ಭಾರ ಹೆಚ್ಚಾಗಿ ಒಂದೆರಡು ಕೋರ್‌ಗಳ ಮೇಲೇ ಬೀಳುತ್ತದೆ. ಕ್ಲಿಕ್ ಮಾಡಿದ ಕೂಡಲೇ ಪುಟ ಬಂತೆಂದರೆ ಅದು ಪಿ-ಕೋರ್‌ನ ಕೆಲಸ. ಮೇಲ್ ತರುವುದು, ಅಪ್‌ಡೇಟ್ ಇಳಿಸುವುದು, ವೈರಸ್ ಹುಡುಕುವುದು ಇವೆಲ್ಲ ಇ-ಕೋರ್‌ಗಳ ಪಾಲು. ಯಾವ ಕೆಲಸ ಎಲ್ಲಿಗೆ ಎಂಬುದನ್ನು ವಿಂಡೋಸ್ 11 ತೀರ್ಮಾನಿಸುತ್ತದೆ. ಈಗ ನಡೆಯುತ್ತಿರುವ ಕೆಲಸ ಎಂಥದ್ದು ಎಂಬ ಸುಳಿವನ್ನು ಚಿಪ್‌ನೊಳಗಿನ ಥ್ರೆಡ್ ಡೈರೆಕ್ಟರ್ ಎಂಬ ಭಾಗ ಅದಕ್ಕೆ ಕೊಡುತ್ತಿರುತ್ತದೆ.

ಬ್ಯಾಟರಿ ಉಳಿಯುವುದು ಹೇಗೆ? ಚಿಪ್ ಸುಡುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ, ವೋಲ್ಟೇಜ್ ಎರಡನ್ನೂ ಶೇ 20ರಷ್ಟು ಇಳಿಸಿದರೆ ವಿದ್ಯುತ್ ಬಳಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದೇ ಕೆಲಸಕ್ಕೆ ಶೇ 25ರಷ್ಟು ಹೆಚ್ಚು ಸಮಯ ಹಿಡಿದರೂ ಒಟ್ಟು ಖರ್ಚು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ. ಅವಸರವಿಲ್ಲದ ಕೆಲಸಕ್ಕೆ ಚಿಕ್ಕ, ನಿಧಾನದ ಕೋರ್ ಒಪ್ಪುವುದು ಇದಕ್ಕೇ. ಆದರೆ ಪರದೆ, ವೈಫೈ ಎಳೆಯುವ ವಿದ್ಯುತ್ತನ್ನು ಯಾವ ಕೋರೂ ಉಳಿಸಲಾರದು. ಪರದೆಯ ಬೆಳಕು ಪೂರ್ತಿ ಏರಿಸಿಟ್ಟು ಇ-ಕೋರ್‌ಗಳಿಂದ ಪವಾಡ ನಿರೀಕ್ಷಿಸಬೇಡಿ.

ಈ ಹಂಚಿಕೆ ಒಮ್ಮೊಮ್ಮೆ ತಪ್ಪುತ್ತದೆ. ಮದುವೆಯ ದೊಡ್ಡ ವಿಡಿಯೊವನ್ನು ಬೇರೆ ಫಾರ್ಮ್ಯಾಟಿಗೆ ಬದಲಿಸಲು ಹಾಕಿ ಕಿಟಕಿಯನ್ನು ಮಿನಿಮೈಸ್ ಮಾಡುತ್ತೀರಿ ಎನ್ನಿ. ಕಣ್ಣಿಗೆ ಕಾಣದ ಕೆಲಸಕ್ಕೆ ಅವಸರವಿಲ್ಲ ಎಂದು ವಿಂಡೋಸ್ ಅದನ್ನು ಇ-ಕೋರ್‌ಗಳಿಗೆ ತಳ್ಳಿಬಿಡಬಹುದು. ಆಗ ಕೆಲಸ ತೆವಳತೊಡಗುತ್ತದೆ. ಪರೀಕ್ಷಿಸಲು Task Manager ತೆರೆದು, Performance ವಿಭಾಗದಲ್ಲಿ CPU ಆರಿಸಿ, ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, Change graph to ಒಳಗಿನ Logical processors ಒತ್ತಿ. ಹನ್ನೆರಡು ಚೌಕಗಳು ಕಾಣುತ್ತವೆ. ಒಂದೊಂದು ಪಿ-ಕೋರ್ ಎರಡೆರಡು ಚೌಕವಾಗಿ ಕಾಣುವುದರಿಂದ ಸಾಮಾನ್ಯವಾಗಿ ಮೊದಲ ನಾಲ್ಕು ಅವುಗಳದ್ದು, ಉಳಿದ ಎಂಟು ಇ-ಕೋರ್‌ಗಳದ್ದು. ಮೊದಲ ನಾಲ್ಕು ಖಾಲಿಯಿದ್ದು ಕೊನೆಯ ಎಂಟು ತುಂಬಿದ್ದರೆ ಕಾರಣ ಸಿಕ್ಕಿತು. ಕಿಟಕಿಯನ್ನು ಮತ್ತೆ ಮುಂದಕ್ಕೆ ತನ್ನಿ, ಚಾರ್ಜರ್ ಹಾಕಿ ಪವರ್ ಮೋಡ್ ಅನ್ನು Best performance ಮಾಡಿ.

ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಒಟ್ಟು ಕೋರ್ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ಅದರಲ್ಲಿ ಪಿ-ಕೋರ್ ಎಷ್ಟೆಂದು ಕೇಳಿ. ಇಂಟೆಲ್ ಎನ್100ರಂಥ ಅಗ್ಗದ ಚಿಪ್‌ನಲ್ಲಿ ಇರುವ ನಾಲ್ಕೂ ಇ-ಕೋರ್‌ಗಳೇ.