ಬೀಮ್‌ನಲ್ಲಿ ಕಾದಿರುವ 24 ಅಂಕ

ಸೇನಾ ಭರ್ತಿಗೆ ತಯಾರಾಗುವ ಹುಡುಗರು ಬೆಳಗಿನ ಜಾವ ಮೈದಾನದಲ್ಲಿ ಸುತ್ತು ಹಾಕುವುದನ್ನು ಎಲ್ಲ ಊರಲ್ಲೂ ನೋಡುತ್ತೇವೆ. ಬೀಮ್ ಹಿಡಿದು ನೇತಾಡುವವರು ಮಾತ್ರ ಕಡಿಮೆ. ಅಗ್ನಿವೀರ್ ಜನರಲ್ ಡ್ಯೂಟಿ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ಮುಂದಿನ 15 ಸೆಕೆಂಡಿನೊಳಗೆ ಬಂದರೆ 48. ಆರು ಪುಲ್‌ಅಪ್‌ಗೆ 16 ಅಂಕ, ಹತ್ತಕ್ಕೆ 40. ಅಂದರೆ ನಾಲ್ಕೇ ಪುಲ್‌ಅಪ್‌ನಲ್ಲಿ 24 ಅಂಕ ಕೂತಿದೆ. ಪುಷ್‌ಅಪ್‌ಗೆ ಅಲ್ಲಿ ಅಂಕವಿಲ್ಲ. ಭುಜ, ಹೊಟ್ಟೆ ಗಟ್ಟಿಯಾಗಿ ಬೀಮ್‌ನಲ್ಲಿ ಮೈ ತೂಗಾಡದಿರಲೆಂದು ಅದನ್ನು ಮಾಡಬೇಕು.

ಈಗ 6 ನಿಮಿಷ 40 ಸೆಕೆಂಡಿಗೆ ಓಡುವ, ಮೂರು ಪುಲ್‌ಅಪ್, ಇಪ್ಪತ್ತು ಪುಷ್‌ಅಪ್ ಹೊಡೆಯುವ ಹುಡುಗನೊಬ್ಬನಿದ್ದಾನೆ ಎಂದುಕೊಳ್ಳೋಣ. ಅವನು ದಿನವೂ ಕೈ ಸೋಲುವ ತನಕ ಬೀಮ್ ಎಳೆದರೆ ಮೂರು ಮೂರಾಗಿಯೇ ಉಳಿಯುತ್ತದೆ. ಅದರ ಬದಲು ವಾರಕ್ಕೆ ಮೂರು ದಿನ, ಸಲಕ್ಕೆ ಎರಡರಂತೆ, ನಡುವೆ ಎರಡು ನಿಮಿಷ ಬಿಟ್ಟು ಆರು ಸಲ ಎಳೆಯಲಿ. ಕೊನೆಗೆ ಕಲ್ಲಿನ ಮೇಲೆ ನಿಂತು, ಗದ್ದ ಬೀಮ್‌ಗಿಂತ ಮೇಲಿರುವಂತೆ ಹಿಡಿದು, ಐದು ಎಣಿಸುವಷ್ಟು ನಿಧಾನವಾಗಿ ನಾಲ್ಕು ಬಾರಿ ಕೆಳಗಿಳಿಯಲಿ. ಮೇಲೆಳೆಯಲಾಗದ ಭಾರವನ್ನೂ ತೋಳು ತಡೆದು ಇಳಿಸಬಲ್ಲದು; ಬಲ ಅಲ್ಲೇ ಕೂಡುತ್ತದೆ. ಆರೂ ಸಲ ಸಲೀಸಾದ ಮೇಲೆ ಎರಡನ್ನು ಮೂರು ಮಾಡಲಿ. ಪುಷ್‌ಅಪ್ಪೂ ಹೀಗೇ, ಸಲಕ್ಕೆ ಹತ್ತರಂತೆ. ಹತ್ತು ವಾರದಲ್ಲಿ ಅವನು ಏಳೆಂಟು ಪುಲ್‌ಅಪ್ ತಲುಪಿದರೆ ಅದು ಒಳ್ಳೆಯ ಫಲವೇ. ಹತ್ತು ಬೇಕಿದ್ದವರು ಇನ್ನೂ ಮೊದಲೇ ಶುರು ಮಾಡಬೇಕು.

ಓಟದಲ್ಲಿ ಮೊದಲ ಮೂರು ವಾರ ಗಡಿಯಾರ ನೋಡುವುದೇ ಬೇಡ. ಜೊತೆಯವನೊಡನೆ ಮಾತಾಡಿಕೊಂಡು ಓಡಬಲ್ಲ ವೇಗದಲ್ಲಿ ನಾಲ್ಕೈದು ಕಿ.ಮೀ., ವಾರಕ್ಕೆ ನಾಲ್ಕು ದಿನ. ನಾಲ್ಕನೇ ವಾರದಿಂದ ಅದರಲ್ಲಿ ಒಂದು ದಿನ 400 ಮೀಟರಿನ ಸುತ್ತನ್ನು 90 ಸೆಕೆಂಡಿಗೆ ಮುಗಿಸಿ, ಒಂದೂವರೆ ನಿಮಿಷ ನಡೆದು, ಮತ್ತೆ ಓಡಬೇಕು. ಹೀಗೆ ಆರು ಸುತ್ತು. ಆರನೆಯದು ಮೊದಲನೆಯದಕ್ಕಿಂತ ತಡವಾದರೆ ಶುರುವಿನ ವೇಗ ಹೆಚ್ಚಾಯಿತೆಂದೇ ಅರ್ಥ. ಎಂಟನೇ ವಾರದ ಹೊತ್ತಿಗೆ ಅದನ್ನು 85ಕ್ಕೆ ಇಳಿಸಬಹುದು.

ಎಲ್ಲ ಕೆಡುವುದು ಸಾಮಾನ್ಯವಾಗಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ. ಮೂಳೆಯುದ್ದಕ್ಕೂ ಹರಡಿದ ನೋವಾದರೆ ಓಟ ಅರ್ಧಕ್ಕಿಳಿಸಿ, ಡಾಂಬರು ಬಿಟ್ಟು ಮಣ್ಣಿನ ಮೇಲೆ ಓಡಬೇಕು. ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ ಒತ್ತಿದಾಗ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆ ಬಿರುಕು ಬಿಟ್ಟಿರಬಹುದು. ಆಗ ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಲೇಬೇಕು.

ಒಂಬತ್ತನೇ ವಾರ ಒಂದು ದಿನ ಪೂರ್ತಿ 1600 ಮೀಟರ್ ಓಡಿ, ದಮ್ಮು ಇಳಿಯುವ ಮುಂಚೆಯೇ ಬೀಮ್ ಹಿಡಿದು ನೋಡಬೇಕು. ರ‍್ಯಾಲಿಯಲ್ಲೂ ಓಡಿದ ಮೇಲೇ ಬೀಮ್. ವಿಶ್ರಾಂತಿಯಲ್ಲಿ ಎಂಟು ಹೊಡೆಯುವ ಕೈ ಅಲ್ಲಿ ಆರಕ್ಕೇ ಸೋಲುವುದುಂಟು. ಹತ್ತನೇ ವಾರ ಓಟ ಅರ್ಧ, ಕೊನೆಯ ಎರಡು ದಿನ ಬೀಮ್ ಬೇಡ. ರ‍್ಯಾಲಿಯ ದಿನ ಗುಂಪು ಮೊದಲ ಸುತ್ತಿನಲ್ಲೇ ಎಳೆದುಕೊಂಡು ಹೋಗುತ್ತದೆ. 85 ಸೆಕೆಂಡಿಗೆ ಒಗ್ಗಿದ ಕಾಲು 75ಕ್ಕೆ ಆ ಸುತ್ತು ಮುಗಿಸಿದರೆ, ಗಳಿಸಿದ ಹತ್ತು ಸೆಕೆಂಡಿಗಿಂತ ಹೆಚ್ಚನ್ನು ಮೂರನೇ ಸುತ್ತು ಕಿತ್ತುಕೊಳ್ಳುತ್ತದೆ.