ಕಾಲಾ ಅಜಾರ್: ಪಟ್ಟಿಯಲ್ಲಿ ಎರಡು ಗೆರೆ ಮೂಡಿದರೆ ಸಾಕೇ?

ಬಿಹಾರದ ಸಾರಣ್ ಜಿಲ್ಲೆಯ ಯುವಕನೊಬ್ಬ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾನೆ ಎಂದುಕೊಳ್ಳಿ. ಒಂದು ತಿಂಗಳಿಂದ ಅವನಿಗೆ ಜ್ವರ ಬಿಟ್ಟಿಲ್ಲ. ಟೈಫಾಯ್ಡ್ ಇರಬಹುದೆಂದು ಕೊಟ್ಟ ಮಾತ್ರೆಗಳಿಂದ ಗುಣ ಕಾಣಲಿಲ್ಲ, ಮಲೇರಿಯಾ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಮೈ ಸೊರಗಿದೆ, ಹೊಟ್ಟೆ ಮಾತ್ರ ಉಬ್ಬಿದೆ. ವೈದ್ಯರು ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಊದಿಕೊಂಡ ಗುಲ್ಮ ಸಿಗುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿದಿವೆ. ಈಗ ಕೇಳಬೇಕಾದ ಮೊದಲ ಪ್ರಶ್ನೆ, "ನಿಮ್ಮದು ಯಾವೂರು?"

ಅವನ ಊರಿನ ಕಡೆ ಕಾಲಾ ಅಜಾರ್ ಹಳೆಯ ಕಾಯಿಲೆ. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಪೂರ್ವ ಉತ್ತರ ಪ್ರದೇಶದಲ್ಲಿ ಇದನ್ನು ಹರಡುವುದು ಮರಳುನೊಣ. ಅದು ಸೊಳ್ಳೆಯ ಮೂರನೇ ಒಂದು ಭಾಗದಷ್ಟೇ ಇರುತ್ತದೆ, ಹಾರುವಾಗ ಸದ್ದು ಮಾಡುವುದಿಲ್ಲ. ಮಣ್ಣಿನ ಗೋಡೆಯ ಬಿರುಕಿನಲ್ಲಿ, ದನದ ಕೊಟ್ಟಿಗೆಯ ತೇವದಲ್ಲಿ ಹಗಲು ಕಳೆದು ಸಂಜೆಯ ಮೇಲೆ ಹೊರಬರುತ್ತದೆ. ಕಚ್ಚುವುದು ಹೆಣ್ಣುನೊಣ ಮಾತ್ರ. ರೋಗಿಯ ರಕ್ತದ ಜೊತೆ ಅದರ ಹೊಟ್ಟೆ ಸೇರುವ ಲೀಶ್ಮೇನಿಯಾ ಪರಾವಲಂಬಿ ಅಲ್ಲಿ ಬೆಳೆದು, ಮುಂದಿನ ಕಡಿತದಲ್ಲಿ ಇನ್ನೊಬ್ಬರ ಮೈ ಹೊಕ್ಕುತ್ತದೆ.

ಲೀಶ್ಮೇನಿಯಾದಲ್ಲಿ ಹಲವು ಪ್ರಭೇದಗಳಿವೆ, ಪ್ರಭೇದ ಬೇರೆಯಾದಂತೆ ರೋಗದ ರೂಪವೂ ಬದಲಾಗುತ್ತದೆ. ರಾಜಸ್ಥಾನದ ಬಿಕಾನೇರ್ ಕಡೆ ಕಾಣುವ ಚರ್ಮದ ರೂಪದಲ್ಲಿ ಕಚ್ಚಿದ ಜಾಗದಲ್ಲಿ ಅಂಚು ಎದ್ದ, ಸಾಮಾನ್ಯವಾಗಿ ನೋವಿಲ್ಲದ ಹುಣ್ಣಾಗುತ್ತದೆ. ತಿಂಗಳುಗಳ ನಂತರ ಅದು ಮಾಯ್ದರೂ ಕಲೆ ಉಳಿಯುತ್ತದೆ. ದಕ್ಷಿಣ ಅಮೆರಿಕದ ಬ್ರೆಜಿಲ್, ಬೊಲಿವಿಯಾ, ಪೆರುಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ರೂಪ ಮೂಗು, ಬಾಯಿ, ಗಂಟಲಿನ ಒಳಪದರವನ್ನೇ ತಿಂದುಹಾಕುತ್ತದೆ. ಎಲ್ಲಕ್ಕಿಂತ ಮಾರಕವಾದದ್ದು ಒಳಾಂಗಗಳ ರೂಪ, ಅಂದರೆ ಕಾಲಾ ಅಜಾರ್. ಇದರಲ್ಲಿ ಪರಾವಲಂಬಿ ಗುಲ್ಮ, ಯಕೃತ್ತು, ಅಸ್ಥಿಮಜ್ಜೆಗಳಲ್ಲಿ ಬೀಡುಬಿಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುತೇಕ ಎಲ್ಲರೂ ಸಾಯುತ್ತಾರೆ. ಗುಣವಾದ ಕೆಲವರಿಗೆ ವರ್ಷಗಳ ನಂತರ ಮುಖ, ಮೈಮೇಲೆ ಬಿಳಿ ಮಚ್ಚೆ ಅಥವಾ ಗಂಟುಗಳು ಏಳುತ್ತವೆ. ನೋಡಿದವರು ಕುಷ್ಠವೆಂದು ತಪ್ಪು ತಿಳಿಯಬಹುದು. ಆದರೆ ಆ ಚರ್ಮದಲ್ಲಿರುವುದು ಅದೇ ಪರಾವಲಂಬಿ, ನೊಣಕ್ಕೆ ಅಲ್ಲಿಂದಲೂ ಸಿಗುತ್ತದೆ.

ನಮ್ಮ ಯುವಕನಿಗೆ ಈಗ ಆರ್‌ಕೆ-39 ಪರೀಕ್ಷೆ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ಹಚ್ಚಿ, ದ್ರಾವಣ ಹಾಕಿ ಕಾಯುತ್ತಾರೆ. ಹತ್ತು ನಿಮಿಷದಲ್ಲಿ ಒಂದೇ ಗೆರೆ ಮೂಡಿದರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ಎರಡು ಮೂಡಿದರೆ ಪರಾವಲಂಬಿಯ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ರಕ್ತದಲ್ಲಿದೆ ಎಂದರ್ಥ. ರೋಗವಿರುವ ಪ್ರದೇಶದವನಾಗಿದ್ದು, ಎರಡು ವಾರ ಮೀರಿದ ಜ್ವರ, ಊದಿದ ಗುಲ್ಮ ಮತ್ತು ಎರಡು ಗೆರೆ ಸೇರಿದರೆ ಮೊದಲ ಬಾರಿಯ ರೋಗಿಗೆ ಚಿಕಿತ್ಸೆ ಶುರುಮಾಡಬಹುದು.

ಅವನಿಗೆ ಎರಡು ಗೆರೆ ಮೂಡಿವೆ. ಆದರೆ ಎರಡನೇ ಪ್ರಶ್ನೆ ಕೇಳಿದಾಗ ಅವನು ಹೇಳುತ್ತಾನೆ, "ಎರಡು ವರ್ಷದ ಹಿಂದೆ ಊರಲ್ಲಿ ಇದೇ ಕಾಯಿಲೆಗೆ ಔಷಧಿ ತಗೊಂಡಿದ್ದೆ ಸಾರ್." ಇಲ್ಲಿಗೆ ಪಟ್ಟಿಯ ಮಾತು ಮುಗಿಯಿತು. ಪರಾವಲಂಬಿ ಸತ್ತ ಮೇಲೂ ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದು. ಮೂಡಿದ ಗೆರೆ ಹಳೆಯ ರೋಗದ್ದೋ ಹೊಸದರದ್ದೋ ಹೇಳಲಾಗದು. ಎಚ್‌ಐವಿ ಇರುವವರಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ಪ್ರತಿಕಾಯ ಸಾಕಷ್ಟು ಹುಟ್ಟದೆ, ರೋಗವಿದ್ದರೂ ಎರಡನೇ ಗೆರೆ ಕಾಣದೆ ಹೋಗಬಹುದು. ಇಂಥ ಕಡೆ ಪರಾವಲಂಬಿಯನ್ನೇ ಕಣ್ಣಾರೆ ನೋಡಬೇಕು.

ನೋಡುವುದಕ್ಕೆ ಅಸ್ಥಿಮಜ್ಜೆ ಸುರಕ್ಷಿತ ಜಾಗ, ಆದರೆ ರೋಗವಿದ್ದವರಲ್ಲೂ ಹಲವು ಸಲ ಅಲ್ಲಿ ಪರಾವಲಂಬಿ ಸಿಗುವುದಿಲ್ಲ. ಗುಲ್ಮದಿಂದ ತೆಗೆದ ಮಾದರಿಯಲ್ಲಿ ಶೇ 93ರಿಂದ 99ರಷ್ಟು ರೋಗಿಗಳಲ್ಲಿ ಸಿಗುತ್ತದೆ. ಆದರೆ ಗುಲ್ಮ ರಕ್ತ ತುಂಬಿದ ಅಂಗ, ಚುಚ್ಚಿದಾಗ ಒಳಗೇ ರಕ್ತಸ್ರಾವವಾಗಿ ಜೀವಕ್ಕೆ ಕುತ್ತು ಬರಬಹುದು. ಆದ್ದರಿಂದ ಪ್ಲೇಟ್‌ಲೆಟ್ 40,000ಕ್ಕಿಂತ ಕಡಿಮೆ ಇದ್ದರೆ, ರಕ್ತ ಹೆಪ್ಪುಗಟ್ಟಲು ತಡವಾಗುತ್ತಿದ್ದರೆ, ರೋಗಿ ಗರ್ಭಿಣಿಯಾಗಿದ್ದರೆ ಚುಚ್ಚುವುದಿಲ್ಲ. ಪಳಗಿದ ಕೈ ತೆಳು ಸೂಜಿಯನ್ನು ಒಂದು ಸೆಕೆಂಡಿನೊಳಗೆ ಹಾಕಿ ತೆಗೆಯುತ್ತದೆ. ಆಮೇಲೆ ರೋಗಿಯನ್ನು ಗಂಟೆಗಟ್ಟಲೆ ಮಲಗಿಸಿ ನಾಡಿ, ರಕ್ತದೊತ್ತಡ ನೋಡುತ್ತಲೇ ಇರಬೇಕು.

ಸಿಕ್ಕಿದ್ದನ್ನು ಗಾಜಿನ ಮೇಲೆ ಬಳಿದು ಜೀಮ್ಸಾ ಬಣ್ಣ ಹಾಕಿದರೆ ಜೀವಕೋಶಗಳೊಳಗೆ 2ರಿಂದ 4 ಮೈಕ್ರಾನ್ ಅಳತೆಯ ದುಂಡನೆಯ ಕಾಯಗಳು ಕಾಣುತ್ತವೆ. ಪ್ರತಿಯೊಂದರಲ್ಲೂ ಎರಡು ಗುರುತು ಹುಡುಕಬೇಕು: ದುಂಡಗಿನ ಕೋಶಕೇಂದ್ರ, ಅದರ ಪಕ್ಕ ಕಡ್ಡಿಯಂತಹ ಚಿಕ್ಕ ಕೈನೆಟೋಪ್ಲಾಸ್ಟ್. ಎರಡನೆಯದು ಕಾಣದಿದ್ದರೆ ಅದು ಬರೀ ಪ್ಲೇಟ್‌ಲೆಟ್ ಅಥವಾ ಬಣ್ಣದ ಚೂರಾಗಿರಬಹುದು. 1903ರಲ್ಲಿ ವಿಲಿಯಂ ಲೀಶ್‌ಮನ್ ಮತ್ತು ಮದ್ರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ ಪ್ರತ್ಯೇಕವಾಗಿ ವರದಿ ಮಾಡಿದ್ದು ಇವೇ ಕಾಯಗಳನ್ನು. ಲೀಶ್ಮೇನಿಯಾ ಡೊನೊವನಿ ಎಂಬ ಹೆಸರಿನಲ್ಲಿ ಇಬ್ಬರೂ ಇದ್ದಾರೆ.

ಯುವಕನ ಗುಲ್ಮದಲ್ಲಿ ಆ ಕಾಯಗಳು ಕಂಡರೆ ರೋಗ ಮರುಕಳಿಸಿದೆ ಎಂಬುದು ಖಚಿತ, ಹಿಂದೆ ಯಾವ ಔಷಧಿ ಕೊಟ್ಟಿದ್ದರೆಂದು ತಿಳಿದು ಮುಂದಿನದನ್ನು ಆರಿಸಬೇಕು. ಕಾಣದಿದ್ದರೆ ಕ್ಷಯ, ರಕ್ತದ ಕ್ಯಾನ್ಸರ್‌ನಂತಹ ಬೇರೆ ಕಾರಣಗಳನ್ನು ಹುಡುಕಬೇಕು. ಹಾಗಾಗಿ ಕಾಲಾ ಅಜಾರ್‌ಗೆ ಚಿಕಿತ್ಸೆ ಪಡೆದವರು ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು, ಮತ್ತೆ ಜ್ವರ ಬಂದಾಗ ಯಾವ ಊರಿನ ವೈದ್ಯರ ಬಳಿ ಹೋದರೂ ಮೊದಲು ಅದನ್ನೇ ತೋರಿಸಬೇಕು.