ಕೊಲೆಸ್ಟ್ರಾಲ್ 430 ಇದ್ದರೂ ಮಾತ್ರೆ ಬೇಡ, 170 ಇದ್ದರೂ ಬೇಕು

ಐದು ವರ್ಷದ ಹುಡುಗ. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತ, ಸಂಜೆಯ ಹೊತ್ತಿಗೆ ಕಾಲಲ್ಲಿ ಊತ. ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಬೇಗ ತುಂಬುವುದಿಲ್ಲ. ಮೂತ್ರದಲ್ಲಿ ನೊರೆ. ರಕ್ತದ ಅಲ್ಬುಮಿನ್ 1.8, ಒಟ್ಟು ಕೊಲೆಸ್ಟ್ರಾಲ್ 430. ಇದು ನೆಫ್ರಾಟಿಕ್ ಸಿಂಡ್ರೋಮ್‌ನ ಮಾದರಿ ವರದಿ. ಅಪ್ಪ ಅಮ್ಮನ ಕಣ್ಣು ಮೊದಲು ಬೀಳುವುದು ಆ 430ರ ಮೇಲೆ. ಅಂದೇ ಮನೆಯಲ್ಲಿ ತುಪ್ಪ ಬಂದ್, ಮೊಟ್ಟೆ ಬಂದ್.

ಆದರೆ ಈ ಕೊಲೆಸ್ಟ್ರಾಲ್ ಊಟದಿಂದ ಬಂದದ್ದಲ್ಲ. ಕಿಡ್ನಿಯ ಸೋಸುವ ಪೊರೆ ಹಾಳಾಗಿ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರದಲ್ಲಿ ಹರಿದುಹೋಗುತ್ತಿದೆ. ಕಳೆದುಹೋದದ್ದನ್ನು ತುಂಬಲು ಲಿವರ್ ದುಪ್ಪಟ್ಟು ಕೆಲಸಕ್ಕೆ ನಿಲ್ಲುತ್ತದೆ. ಅಲ್ಬುಮಿನ್ ಜೊತೆಗೆ ಕೊಬ್ಬು ಹೊರುವ ಪ್ರೋಟೀನ್‌ಗಳನ್ನೂ ಹೆಚ್ಚಾಗಿ ತಯಾರಿಸುತ್ತದೆ. ಅಲ್ಬುಮಿನ್ ಸೋರಿಹೋಗುತ್ತದೆ, ಗಾತ್ರದಲ್ಲಿ ದೊಡ್ಡದಾದ ಕೊಬ್ಬಿನ ಕಣಗಳು ರಕ್ತದಲ್ಲೇ ಉಳಿಯುತ್ತವೆ. ಸಾಲದ್ದಕ್ಕೆ, ಆ ಕಣಗಳನ್ನು ರಕ್ತದಿಂದ ತೆಗೆದುಹಾಕುವ ವ್ಯವಸ್ಥೆಯೂ ಈ ಕಾಯಿಲೆಯಲ್ಲಿ ಮಂದವಾಗುತ್ತದೆ.

ಹಾಗಾಗಿ ಈ ಮಗುವಿಗೆ ಕೊಡುವುದು ಕೊಲೆಸ್ಟ್ರಾಲ್ ಮಾತ್ರೆಯಲ್ಲ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಹೆಚ್ಚಿನ ಮಕ್ಕಳಲ್ಲಿ ನಾಲ್ಕು ವಾರದೊಳಗೆ ಪ್ರೋಟೀನ್ ಸೋರುವುದು ನಿಲ್ಲುತ್ತದೆ. ಮನೆಯಲ್ಲಿ ದಿನಾ ಬೆಳಿಗ್ಗೆ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯ ಬಣ್ಣ ಹಸಿರಿನಿಂದ ಹಳದಿಗೆ ಇಳಿದರೆ ಅದು ತಿಳಿಯುತ್ತದೆ. ಅಲ್ಬುಮಿನ್ ಮೊದಲು ಏರುತ್ತದೆ, ಕೊಲೆಸ್ಟ್ರಾಲ್ ಅದರ ಹಿಂದೆ ನಿಧಾನವಾಗಿ ಇಳಿಯುತ್ತದೆ. ಬೆಳೆಯುವ ಮಗುವಿನ ಊಟದಲ್ಲಿ ಉಪ್ಪು ಕಡಿಮೆ ಮಾಡಬೇಕು, ನಿಜ. ಮೊಟ್ಟೆ ಕಿತ್ತುಕೊಳ್ಳುವುದರಿಂದ ಈ 430 ಸರಿಹೋಗುವುದಿಲ್ಲ.

ದೊಡ್ಡವರಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೆಂಬ್ರನಸ್ ನೆಫ್ರಾಪತಿಯಂಥ ಕಾಯಿಲೆಯಲ್ಲಿ ಸೋರಿಕೆ ತಿಂಗಳುಗಟ್ಟಲೆ ನಡೆಯಬಹುದು. ಅಷ್ಟು ಕಾಲ ಏರಿದ ಕೊಲೆಸ್ಟ್ರಾಲ್ ಹೃದಯದ ರಕ್ತನಾಳಕ್ಕೆ ಒಳ್ಳೆಯದಲ್ಲ. ಆಗ ಮೂಲ ಕಾಯಿಲೆಯ ಚಿಕಿತ್ಸೆ, ಸೋರಿಕೆ ತಗ್ಗಿಸುವ ಬಿಪಿ ಮಾತ್ರೆಗಳ ಜೊತೆಗೆ ವೈದ್ಯರು ಸ್ಟಾಟಿನ್ ಸೇರಿಸುವುದುಂಟು. ನನಗೆ ಆತಂಕವಾಗುವುದು ಇನ್ನೊಂದು ಬಗೆಯ ತಪ್ಪಿನ ಬಗ್ಗೆ: ತಪಾಸಣೆಯಲ್ಲಿ ಕೊಲೆಸ್ಟ್ರಾಲ್ ದಿಢೀರನೆ ಏರಿದ್ದು ಕಂಡು, ಮೂತ್ರ ಪರೀಕ್ಷೆಯನ್ನೇ ಮಾಡಿಸದೆ ಮಾತ್ರೆ ಶುರುಮಾಡುವುದು. ಅಂಥವರಿಗೆ ಮೂತ್ರದ ಪ್ರೋಟೀನ್ ಮತ್ತು ಥೈರಾಯ್ಡ್ ಎರಡನ್ನೂ ಮೊದಲು ನೋಡಲೇಬೇಕು.

ಈಗ ಇನ್ನೊಂದು ವರದಿ. 58 ವರ್ಷದ ಗಂಡಸು, ಕ್ರಿಯಾಟಿನಿನ್ 1.7, ಅಂದರೆ ಕಿಡ್ನಿ ಸೋಸುವ ವೇಗ ಸುಮಾರು 46. ಹಲವು ತಿಂಗಳಿಂದ ಹೀಗೇ ಇದೆ. ಒಟ್ಟು ಕೊಲೆಸ್ಟ್ರಾಲ್ 170, ಎಲ್‌ಡಿಎಲ್ 95, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 33. ‘ಕೊಲೆಸ್ಟ್ರಾಲ್ ನಾರ್ಮಲ್ ಇದೆಯಲ್ಲ, ಮಾತ್ರೆ ಯಾಕೆ ಸಾರ್?’ ಎಂದು ಇವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ದೀರ್ಘಕಾಲದ ಕಿಡ್ನಿ ಕಾಯಿಲೆಯಲ್ಲಿ ಎಲ್‌ಡಿಎಲ್ ಸಂಖ್ಯೆ ಸಾಧಾರಣವಾಗಿ ಕಂಡರೂ ಹೃದಯಾಘಾತದ ಅಪಾಯ ಹೆಚ್ಚು. ಕಿಡ್ನಿ ಸೋಲುವ ಮೊದಲೇ ಹೃದಯ ಕೈಕೊಡುವವರು ಬಹಳ. ಆದ್ದರಿಂದ ಕೆಡಿಗೊ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆ 2013ರಲ್ಲಿ ಹೇಳಿದ್ದು: 50 ದಾಟಿದ, ಡಯಾಲಿಸಿಸ್‌ನಲ್ಲಿಲ್ಲದ ರೋಗಿಗೆ ಎಲ್‌ಡಿಎಲ್ ಎಷ್ಟೇ ಇರಲಿ, ಸ್ಟಾಟಿನ್ ಕೊಡಿ. ಅದಕ್ಕಿಂತ ಚಿಕ್ಕವರಿಗೆ ಸಕ್ಕರೆ ಕಾಯಿಲೆ, ಹಿಂದೆ ಹೃದಯಾಘಾತ ಅಥವಾ ಪಾರ್ಶ್ವವಾಯುವಿನಂಥ ಕಾರಣವಿದ್ದರೆ ಮಾತ್ರ. ಇದಕ್ಕೆ ದೊಡ್ಡ ಆಧಾರ 2011ರಲ್ಲಿ ಪ್ರಕಟವಾದ ಶಾರ್ಪ್ ಅಧ್ಯಯನ. ಒಂಬತ್ತು ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳಲ್ಲಿ ಸಿಮ್ವಾಸ್ಟಾಟಿನ್ ಮತ್ತು ಎಜೆಟಿಮೈಬ್ ಜೋಡಿ ರಕ್ತನಾಳ ಕಟ್ಟಿಕೊಳ್ಳುವ ದೊಡ್ಡ ಅವಘಡಗಳನ್ನು ಶೇ 17ರಷ್ಟು ತಗ್ಗಿಸಿತು. ಕಿಡ್ನಿ ಹಾಳಾಗುವುದನ್ನು ಮಾತ್ರ ಅದು ತಡೆಯಲಿಲ್ಲ. ಈ ಮಾತ್ರೆ ಹೃದಯಕ್ಕಾಗಿ, ಕ್ರಿಯಾಟಿನಿನ್ ಇಳಿಸಲು ಅಲ್ಲ.

ಇವರ 210ರ ಟ್ರೈಗ್ಲಿಸರೈಡ್ ನೋಡಿ ಫೆನೊಫೈಬ್ರೇಟ್ ಸೇರಿಸುವ ಆಸೆಯಾಗಬಹುದು. ಅದು ಕ್ರಿಯಾಟಿನಿನ್ ಏರಿಸುತ್ತದೆ, ಸ್ಟಾಟಿನ್ ಜೊತೆ ಸೇರಿದರೆ ಸ್ನಾಯುಗಳಿಗೆ ಪೆಟ್ಟು ಬೀಳುವ ಸಂಭವ ಹೆಚ್ಚಿಸುತ್ತದೆ. ಕಿಡ್ನಿ ಸೋತವರಲ್ಲಿ ಅಟೊರ್ವಾಸ್ಟಾಟಿನ್ ಪ್ರಮಾಣ ಇಳಿಸಬೇಕಿಲ್ಲ. ಆದರೆ ಸೋಸುವ ವೇಗ 30ಕ್ಕಿಂತ ಕೆಳಗಿಳಿದರೆ ರೋಸುವಾಸ್ಟಾಟಿನ್ 10 ಮಿಲಿಗ್ರಾಂ ದಾಟಬಾರದು.

ಡಯಾಲಿಸಿಸ್ ಶುರುವಾದ ಮೇಲೆ ಕಥೆ ಮತ್ತೆ ತಿರುಗುತ್ತದೆ. ಜರ್ಮನಿಯ 4ಡಿ ಮತ್ತು 2009ರ ಅರೋರಾ ಅಧ್ಯಯನಗಳಲ್ಲಿ ಸ್ಟಾಟಿನ್ ಎಲ್‌ಡಿಎಲ್ ಅನ್ನು ಚೆನ್ನಾಗಿಯೇ ಇಳಿಸಿತು, ಆದರೂ ಮುಖ್ಯ ಹೃದಯ ಅವಘಡಗಳು ಗಣನೀಯವಾಗಿ ತಗ್ಗಲಿಲ್ಲ. ಈ ಹಂತದಲ್ಲಿ ಸಾವುಗಳು ಬಹುಪಾಲು ಹೃದಯ ಬಡಿತ ಹಠಾತ್ತನೆ ತಪ್ಪುವುದರಿಂದ, ಹೃದಯ ದಣಿಯುವುದರಿಂದ. ಕೊಬ್ಬಿನ ಪಾತ್ರ ಅಲ್ಲಿ ಚಿಕ್ಕದು. ಹಾಗಾಗಿ ಡಯಾಲಿಸಿಸ್ ರೋಗಿಗೆ ಹೊಸದಾಗಿ ಸ್ಟಾಟಿನ್ ಶುರುಮಾಡುವುದಿಲ್ಲ, ಮೊದಲಿಂದ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸುವುದೂ ಇಲ್ಲ. ಇಲ್ಲಿ ಕೊಲೆಸ್ಟ್ರಾಲ್ ತೀರಾ ಇಳಿದರೆ ಸಂತೋಷಪಡುವಂತಿಲ್ಲ; ರೋಗಿ ಸರಿಯಾಗಿ ಉಣ್ಣುತ್ತಿದ್ದಾರೆಯೇ, ಒಳಗೆ ಸೋಂಕು ಇದೆಯೇ ಎಂದು ಹುಡುಕಬೇಕಾಗುತ್ತದೆ.

ಕಿಡ್ನಿ ಕಸಿಯಾದವರಿಗೆ ಮತ್ತೆ ಸ್ಟಾಟಿನ್ ಬೇಕಾಗುತ್ತದೆ. ಆದರೆ ಸೈಕ್ಲೋಸ್ಪೋರಿನ್ ನುಂಗುವವರ ರಕ್ತದಲ್ಲಿ ಸ್ಟಾಟಿನ್ ಪ್ರಮಾಣ ಹಲವು ಪಟ್ಟು ಏರುತ್ತದೆ. ಅವರಿಗೆ ಸಿಮ್ವಾಸ್ಟಾಟಿನ್ ಕೊಡುವಂತಿಲ್ಲ, ಬೇರೆ ಸ್ಟಾಟಿನ್ ಕೊಡುವುದಾದರೆ ಕಡಿಮೆ ಪ್ರಮಾಣದಲ್ಲೇ ಕೊಡಬೇಕು. ಕಾರಣವಿಲ್ಲದೆ ತೊಡೆ, ಭುಜದ ಸ್ನಾಯು ನೋವು ಶುರುವಾಗಿ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.